‘ಬೇಗ ಬೇಕು, ದೊಡ್ಡದಿರಲಿ’: ಹೇಳಿದವರ ಅಳತೆ ಒಂದು, ಮಾಡುವವರ ಅಳತೆ ಇನ್ನೊಂದು

“ಸಭೆಗೆ ಒಂದು ದೊಡ್ಡ ಬ್ಯಾನರ್ ಬೇಕು. ಬೇಗ ಬೇಕು. ಜಾಸ್ತಿ ಖರ್ಚಾಗಬಾರದು, ಆದರೆ ಚೆನ್ನಾಗಿರಬೇಕು.”

ಈ ಮಾತಿನಲ್ಲಿ ಅರ್ಥವಾಗದ ಪದ ಒಂದೂ ಇಲ್ಲ. ಕೇಳಿಸಿಕೊಂಡ ಪ್ರಿಂಟಿಂಗ್‌ನವರು “ಆಯ್ತು” ಅನ್ನುತ್ತಾರೆ. ಇಬ್ಬರಿಗೂ ವಿಷಯ ಮುಗಿಯಿತು ಅನ್ನಿಸುತ್ತದೆ. ಆದರೆ ಈ ಹೊತ್ತಿನಲ್ಲಿ ಇಬ್ಬರ ತಲೆಯಲ್ಲಿರುವುದು ಎರಡು ಬೇರೆ ಬೇರೆ ಬ್ಯಾನರ್. ಅದು ಗೊತ್ತಾಗುವುದು ಬ್ಯಾನರ್ ಬಿಚ್ಚಿ ಗೋಡೆಗೆ ಹಿಡಿದಾಗ. ಅಲ್ಲಿಂದ ಮುಂದೆ ‘ಸರಿಯಾಗಿ ಕೇಳಿಸಿಕೊಳ್ಳಲಿಲ್ಲ’ ಎಂದು ಒಬ್ಬರು, ‘ಸರಿಯಾಗಿ ಹೇಳಲೇ ಇಲ್ಲ’ ಎಂದು ಇನ್ನೊಬ್ಬರು. ನನ್ನ ಮಟ್ಟಿಗೆ ಈ ಎರಡು ದೂರೂ ಗುರಿ ತಪ್ಪಿದವು. ಹೇಳಿದ್ದೂ ಕೇಳಿಸಿಕೊಂಡದ್ದೂ ಸರಿಯಾಗಿಯೇ ಇತ್ತು. ತೊಂದರೆ ಇದ್ದದ್ದು ಆ ನಾಲ್ಕು ಪದಗಳು ಕೆಲಸ ಮಾಡುವ ರೀತಿಯಲ್ಲಿ.

‘ಮರದ’, ‘ಚೌಕಾಕಾರದ’ ಎಂಬಂಥ ಪದಗಳು ವಸ್ತುವಿನಲ್ಲಿರುವ ಗುಣವನ್ನು ಹೇಳುತ್ತವೆ. ಮೇಜು ಮರದ್ದೋ ಅಲ್ಲವೋ ಎಂದು ಮೇಜನ್ನು ನೋಡಿ ತೀರ್ಮಾನಿಸಬಹುದು. ‘ದೊಡ್ಡದು’ ಹಾಗಲ್ಲ. ದೊಡ್ಡ ಇಲಿ ಆನೆಯ ಮರಿಗಿಂತ ಚಿಕ್ಕದು, ಆದರೂ ಎರಡು ಮಾತೂ ಸುಳ್ಳಲ್ಲ. ಏಕೆಂದರೆ ‘ದೊಡ್ಡ’ ಅನ್ನುವಾಗ ನಾವು ಸದ್ದಿಲ್ಲದೆ ಮೂರು ಸಂಗತಿಗಳನ್ನು ಸೇರಿಸಿಕೊಂಡಿರುತ್ತೇವೆ. ಯಾವುದರ ಜೊತೆ ಹೋಲಿಸುತ್ತಿದ್ದೇವೆ ಅನ್ನುವುದು ಮೊದಲನೆಯದು. ಆ ಗುಂಪಿನಲ್ಲಿ ಎಲ್ಲಿಂದಾಚೆ ‘ದೊಡ್ಡದು’ ಶುರುವಾಗುತ್ತದೆ ಅನ್ನುವ ಗೆರೆ ಎರಡನೆಯದು. ಈ ಗೆರೆಯನ್ನು ಅಲ್ಲೇ ಎಳೆಯುವಂತೆ ಮಾಡಿದ ಉದ್ದೇಶ ಮೂರನೆಯದು. ‘ಬೇಗ’, ‘ಅಗ್ಗ’, ‘ಚೆನ್ನಾಗಿ’ ಕೂಡ ಇದೇ ಜಾತಿಯ ಪದಗಳು. ಬಾಯಿಂದ ಬರುವುದು ಪದ ಮಾತ್ರ, ಮೂರು ಸಂಗತಿಗಳೂ ಹೇಳುವವರ ತಲೆಯಲ್ಲೇ ಉಳಿಯುತ್ತವೆ.

ಕೇಳಿಸಿಕೊಂಡವರು ಆ ಜಾಗಗಳನ್ನು ಖಾಲಿ ಬಿಡುವುದಿಲ್ಲ. ಖಾಲಿ ಬಿಟ್ಟಿದ್ದರೆ “ಎಷ್ಟು ದೊಡ್ಡದು?” ಎಂಬ ಪ್ರಶ್ನೆ ತಾನಾಗಿ ಬರುತ್ತಿತ್ತು. ಅವರು ತಮ್ಮ ಅನುಭವದಿಂದ, ತಮಗೆ ಅರಿವಿಲ್ಲದೆಯೇ, ಮೂರನ್ನೂ ತುಂಬಿಕೊಂಡುಬಿಡುತ್ತಾರೆ. ದಿನವೂ ಕಟ್ಟಡದ ಎತ್ತರದ ಬ್ಯಾನರ್ ಮಾಡುವವರಿಗೆ ಮೂರು ಮೀಟರ್ ಸಣ್ಣದು. ಜೀವನದಲ್ಲಿ ಮೊದಲ ಸಲ ಬ್ಯಾನರ್ ಮಾಡಿಸುವವರಿಗೆ ಒಂದೂವರೆ ಮೀಟರೇ ದೊಡ್ಡದು. ಹಾಗಾಗಿ ಇಲ್ಲಿ ಗೊಂದಲದ ಯಾವ ಸುಳಿವೂ ಇರುವುದಿಲ್ಲ. ಗೊತ್ತಿಲ್ಲದ ಪದ ಬಂದರೆ ನಾವು ತಡೆದು ಕೇಳುತ್ತೇವೆ. ಇವು ತೀರಾ ಗೊತ್ತಿರುವ ಪದಗಳಾದ್ದರಿಂದ ತಡೆಯುವುದಿಲ್ಲ.

ಒಂದೇ ಕೋಣೆಯಲ್ಲಿ ಕೂತು, ಒಂದೊಂದು ಪದವನ್ನೂ ತೂಗಿ ಬರೆಯುವವರಿಗೂ ಇದು ಆಗಿದೆ. 1951ರ ಮಾರ್ಚ್‌ನಲ್ಲಿ ಅಮೆರಿಕದ ಗುಪ್ತಚರ ವಿಶ್ಲೇಷಕರು ಒಂದು ವರದಿ ಕೊಟ್ಟರು. ಆ ವರ್ಷ ಯುಗೊಸ್ಲಾವಿಯಾದ ಮೇಲೆ ದಾಳಿ ನಡೆಯುವುದನ್ನು ‘ಗಂಭೀರ ಸಾಧ್ಯತೆ’ ಎಂದು ಪರಿಗಣಿಸಬೇಕು ಎಂದು ಅದರಲ್ಲಿತ್ತು. ವಿಶ್ಲೇಷಕರ ತಂಡದ ಹಿರಿಯ ಶೆರ್ಮನ್ ಕೆಂಟ್ ಅವರನ್ನು ವಿದೇಶಾಂಗ ಇಲಾಖೆಯ ಅಧಿಕಾರಿಯೊಬ್ಬರು ‘ಹಾಗಂದರೆ ಎಷ್ಟು?’ ಎಂದು ಸಹಜವಾಗಿ ಕೇಳಿದರು. ದಾಳಿಯಾಗುವ ಕಡೆಗೇ ಸುಮಾರು 65ಕ್ಕೆ 35 ಎಂದರು ಕೆಂಟ್. ಅಧಿಕಾರಿ ಬೆಚ್ಚಿದರು, ಏಕೆಂದರೆ ಅವರೂ ಅವರ ಸಹೋದ್ಯೋಗಿಗಳೂ ಅದನ್ನು ಇದಕ್ಕಿಂತ ಬಹಳ ಕಡಿಮೆ ಸಾಧ್ಯತೆ ಎಂದೇ ಓದಿಕೊಂಡಿದ್ದರು. ಕೆಂಟ್ ಆಮೇಲೆ ತಮ್ಮ ತಂಡದವರನ್ನೇ ಒಬ್ಬೊಬ್ಬರಾಗಿ ವಿಚಾರಿಸಿದರು. ಆ ವಾಕ್ಯಕ್ಕೆ ಒಪ್ಪಿದವರಲ್ಲೇ ಒಬ್ಬರ ಮನಸ್ಸಿನಲ್ಲಿ ಇದ್ದದ್ದು 20ಕ್ಕೆ 80, ಇನ್ನೊಬ್ಬರ ಮನಸ್ಸಿನಲ್ಲಿ 80ಕ್ಕೆ 20. ಉಳಿದವರು ಇವೆರಡರ ನಡುವೆ ಎಲ್ಲೆಲ್ಲೋ ಇದ್ದರು.

ಓದುಗರು ತಪ್ಪು ತಿಳಿದರು ಅನ್ನುವುದಕ್ಕಿಂತ ಬರೆದವರಲ್ಲೇ ಒಮ್ಮತ ಇರಲಿಲ್ಲ ಅನ್ನುವುದು ನನ್ನನ್ನು ಹೆಚ್ಚು ಕಾಡುತ್ತದೆ. ಪದ ಸಡಿಲವಾಗಿದ್ದಷ್ಟೂ ಅದಕ್ಕೆ ಒಪ್ಪಿಗೆ ಸಿಗುವುದು ಸುಲಭ. ‘ಒಳ್ಳೆಯ ಗುಣಮಟ್ಟದ ಕೆಲಸ ಆಗಬೇಕು’ ಎಂದರೆ ಸಭೆಯಲ್ಲಿ ಯಾರು ತಾನೇ ಬೇಡವೆನ್ನುತ್ತಾರೆ? ಅಂಥ ಒಪ್ಪಿಗೆಯಲ್ಲಿ ಭಿನ್ನಾಭಿಪ್ರಾಯ ಮುಗಿದಿರುವುದಿಲ್ಲ, ಕೆಲಸ ಅರ್ಧ ಮುಗಿದು ಹಣ ಖರ್ಚಾದ ಮೇಲಿನ ದಿನಕ್ಕೆ ಮುಂದೆ ಹೋಗಿರುತ್ತದೆ.

ಈಗ ಬ್ಯಾನರ್ ವಿಷಯವನ್ನು ಒಂದೊಂದೇ ಪದವಾಗಿ ಬಿಡಿಸೋಣ. ಬ್ಯಾನರ್ ಕೇಳುವವರು ಒಂದು ಸಂಸ್ಥೆಯ ಸಭೆಯ ಜವಾಬ್ದಾರಿ ಹೊತ್ತವರು ಎಂದಿಟ್ಟುಕೊಳ್ಳಿ. ಸಭೆ ಶನಿವಾರ ಬೆಳಿಗ್ಗೆ ಹತ್ತಕ್ಕೆ. ಮಾತು ನಡೆಯುತ್ತಿರುವುದು ಸೋಮವಾರ.

‘ದೊಡ್ಡದು’ ಎಂದಾಗ ಪ್ರಿಂಟಿಂಗ್‌ನವರು ಯೋಚಿಸುವುದು ಬಟ್ಟೆಯ ಉದ್ದಗಲ. ಅವರು ದರ ಹಾಕುವುದೂ ಅದಕ್ಕೇ. “ಎಷ್ಟಡಿ ಬೇಕು?” ಎಂದು ಅವರು ಕೇಳಿದರೆ, ಎಂದೂ ಅಳೆದು ನೋಡದ ಇವರು ಬಾಯಿಗೆ ಬಂದ ಅಂಕಿ ಹೇಳುತ್ತಾರೆ. ಅದಕ್ಕೆ ಬದಲಾಗಿ “ಯಾರು, ಎಲ್ಲಿಂದ ನೋಡಬೇಕು?” ಎಂದು ಕೇಳಿದರೆ ಮಾತಿನ ದಾರಿಯೇ ಬದಲಾಗುತ್ತದೆ. ಉತ್ತರ ತಕ್ಷಣ ಬರುತ್ತದೆ: “ಹಿಂದಿನ ಸಾಲಿನಲ್ಲಿ ಕೂತವರಿಗೂ ಹೆಸರು ಓದಕ್ಕೆ ಬರಬೇಕು.” ಅಂದರೆ ಇವರಿಗೆ ಬೇಕಾಗಿದ್ದದ್ದು ದೊಡ್ಡ ಬಟ್ಟೆಯಲ್ಲ, ದೊಡ್ಡ ಅಕ್ಷರ. ಸಭಾಂಗಣದ ಹಿಂದಿನ ಸಾಲು ವೇದಿಕೆಯಿಂದ 24 ಮೀಟರ್ ದೂರ ಇದೆ ಎಂದುಕೊಳ್ಳೋಣ. ಫಲಕ ಬರೆಯುವವರಲ್ಲಿ ಒಂದು ಹಳೆಯ ಅಂದಾಜಿದೆ: ಆರಾಮವಾಗಿ ಓದಬೇಕಾದರೆ ಹತ್ತು ಅಡಿ ದೂರಕ್ಕೆ ಒಂದು ಇಂಚು ಎತ್ತರದ ಅಕ್ಷರ, ಅಂದರೆ ಸುಮಾರು ಮೂರು ಮೀಟರಿಗೆ ಎರಡೂವರೆ ಸೆಂಟಿಮೀಟರ್. ಆ ಲೆಕ್ಕದಲ್ಲಿ 24 ಮೀಟರಿಗೆ 20 ಸೆಂಟಿಮೀಟರ್ ಎತ್ತರದ ಅಕ್ಷರ ಬೇಕು. ಈ ಅಂದಾಜು ರೋಮನ್ ಲಿಪಿಯ ದೊಡ್ಡಕ್ಷರಗಳಿಗೆ ಹುಟ್ಟಿದ್ದು. ಒತ್ತಕ್ಷರ, ಗುಣಿತದ ಗುರುತುಗಳು ತುಂಬಿದ ನಮ್ಮ ಲಿಪಿಗೆ ಇನ್ನೂ ಸ್ವಲ್ಪ ಧಾರಾಳವಾಗಿ ಹಿಡಿದರೆ ಒಳ್ಳೆಯದು.

ಈ ಒಂದು ಅಂಕಿ ಬಂದದ್ದೇ ತಡ, ಇನ್ನೊಂದು ಸತ್ಯ ಹೊರಬೀಳುತ್ತದೆ. 20 ಸೆಂಟಿಮೀಟರ್ ಎತ್ತರದ ಅಕ್ಷರಗಳು ಮೂರು ಮೀಟರ್ ಅಗಲದ ಬಟ್ಟೆಯಲ್ಲಿ ಸಾಲಿಗೆ ಹದಿನೈದರ ಆಸುಪಾಸು ಹಿಡಿಯಬಹುದು, ಅಷ್ಟೆ. ಅಂದರೆ ಎರಡು ಮೂರು ಪದ. ಸಂಸ್ಥೆಯ ಹೆಸರು, ಸಭೆಯ ವಿಷಯ, ಅತಿಥಿಗಳ ಪಟ್ಟಿ, ಪ್ರಾಯೋಜಕರ ಗುರುತು ಎಲ್ಲವೂ ಹಿಂದಿನ ಸಾಲಿಗೆ ಕಾಣಬೇಕೆಂದರೆ ಬಟ್ಟೆ ಗೋಡೆಗಿಂತ ದೊಡ್ಡದಾಗಬೇಕಾಗುತ್ತದೆ. ಈಗ ಕೇಳುವವರೇ ತೀರ್ಮಾನಿಸಬೇಕು: ಹಿಂದಿನವರಿಗೆ ಕಾಣಲೇಬೇಕಾದ ಎರಡು ಪದ ಯಾವುವು, ಮುಂದಿನ ಸಾಲಿನವರಿಗೆ ಕಂಡರೆ ಸಾಕಾದದ್ದು ಯಾವುದು? ಈ ತೀರ್ಮಾನವನ್ನು ಪ್ರಿಂಟಿಂಗ್‌ನವರು ಅವರ ಪರವಾಗಿ ಮಾಡಲಾರರು. ‘ದೊಡ್ಡದು’ ಎಂಬ ಪದ ಇಷ್ಟು ಹೊತ್ತು ಅಡಗಿಸಿಟ್ಟಿದ್ದದ್ದು ಇದನ್ನೇ.

‘ಬೇಗ’ದ ಕಥೆ ಇದಕ್ಕಿಂತ ಸ್ವಾರಸ್ಯದ್ದು. ಪ್ರಿಂಟಿಂಗ್‌ನವರ ‘ಬೇಗ’ ಅವರ ಸರದಿಯಿಂದ ಹುಟ್ಟುತ್ತದೆ. ಕೈಯಲ್ಲಿರುವ ಕೆಲಸ ಮುಗಿಸಿ ಇದನ್ನು ಹಿಡಿದರೆ ಗುರುವಾರ, ಅದು ಅವರಿಗೆ ಬೇಗವೇ. ಸಭೆಯ ಜವಾಬ್ದಾರಿ ಹೊತ್ತವರ ‘ಬೇಗ’ ಆತಂಕದಿಂದ ಹುಟ್ಟಿದ್ದು, ನಾಳೆಯೇ ಬಂದರೆ ನೆಮ್ಮದಿ. ಇಲ್ಲಿ “ಯಾವಾಗ ಬೇಕು?” ಎಂದು ಕೇಳಿದರೆ “ನಾಳೆ” ಎಂಬ ಉತ್ತರ ಬರುತ್ತದೆ, ಆತಂಕ ಒಂದು ದಿನಾಂಕದ ವೇಷ ಹಾಕಿಕೊಳ್ಳುತ್ತದೆ. “ತಡವಾದರೆ ಯಾವ ಕೆಲಸ ನಿಲ್ಲುತ್ತದೆ?” ಎಂದು ಕೇಳಿ ಹಿಂದಕ್ಕೆ ಲೆಕ್ಕ ಹಾಕಿದರೆ ಬೇರೆಯೇ ಚಿತ್ರ ಸಿಗುತ್ತದೆ. ಶನಿವಾರ ಹತ್ತಕ್ಕೆ ಸಭೆ. ಸಭಾಂಗಣದ ಬಾಗಿಲು ತೆರೆದು ಏಣಿ ಕೊಡುವವರು ಇರುವುದು ಶುಕ್ರವಾರ ಸಂಜೆಯವರೆಗೆ. ಹಾಗಾದರೆ ಬಟ್ಟೆ ಕೈಗೆ ಬರಬೇಕಾದದ್ದು ಶುಕ್ರವಾರ ಮಧ್ಯಾಹ್ನದೊಳಗೆ. ಆದರೆ ಮುಖ್ಯ ಅತಿಥಿಯ ಹೆಸರು ಖಚಿತವಾಗುವುದು ಬುಧವಾರ! ಬುಧವಾರಕ್ಕಿಂತ ಮೊದಲು ಮುದ್ರಿಸಿದ ಬ್ಯಾನರ್ ಯಾರಿಗೂ ಉಪಯೋಗವಿಲ್ಲ. ‘ನಾಳೆಯೇ ಬೇಕು’ ಎಂಬ ಒತ್ತಾಯಕ್ಕೆ ಮಣಿದು ಪ್ರಿಂಟಿಂಗ್‌ನವರು ರಾತ್ರಿ ಕೂತು ಮಾಡಿದ್ದರೆ ಅದನ್ನು ಮತ್ತೆ ಮಾಡಬೇಕಾಗುತ್ತಿತ್ತು. ನಿಜವಾಗಿ ಬಿಗಿಯಾಗಿರುವ ಸಮಯ ಬುಧವಾರ ಸಂಜೆಯಿಂದ ಶುಕ್ರವಾರ ಮಧ್ಯಾಹ್ನದವರೆಗಿನದು. ಆ ಹೊತ್ತಿಗೆ ಯಂತ್ರ ಬಿಡುವಾಗಿರಬೇಕು ಅನ್ನುವುದೇ ಇಲ್ಲಿನ ಅಸಲಿ ಬೇಡಿಕೆ.

‘ಚೆನ್ನಾಗಿ’ ಅನ್ನುವುದನ್ನು ಅಂಕಿಗೆ ತರುವುದು ಕಷ್ಟ, ಎಲ್ಲವನ್ನೂ ತರಬೇಕಾಗಿಯೂ ಇಲ್ಲ. ಆದರೆ ಅದರಲ್ಲೂ ಅಳೆಯಬಹುದಾದ ಭಾಗ ಇರುತ್ತದೆ. ಕೈಯಲ್ಲಿ ಹಿಡಿದು ನೋಡುವ ಪುಸ್ತಕ, ಪತ್ರಿಕೆಗಳ ಚಿತ್ರಕ್ಕೆ ಇಂಚಿಗೆ 300 ಚುಕ್ಕಿ ಎಂಬುದು ಮುದ್ರಣದವರ ವಾಡಿಕೆ. ದೂರದಿಂದ ನೋಡುವ ಬ್ಯಾನರಿಗೆ 100ರ ಸುತ್ತ ಇದ್ದರೂ ಸಾಕು. ಮೊಬೈಲಿನಲ್ಲಿ ಫಾರ್ವರ್ಡ್ ಆಗಿ ಬಂದ 1600 ಪಿಕ್ಸೆಲ್ ಅಗಲದ ಚಿತ್ರವನ್ನು ಮೂರು ಮೀಟರಿಗೆ ಹಿಗ್ಗಿಸಿದರೆ ಇಂಚಿಗೆ ಉಳಿಯುವುದು 13–14 ಚುಕ್ಕಿ ಮಾತ್ರ. ಹಿಂದಿನ ಸಾಲಿನಿಂದ ನೋಡಿದರೆ ಅದೂ ಪರವಾಗಿಲ್ಲ ಅನ್ನಿಸುತ್ತದೆ. ಆದರೆ ಸಭೆ ಮುಗಿದ ಮೇಲೆ ಎಲ್ಲರೂ ಬ್ಯಾನರಿನ ಮುಂದೆ ನಿಂತು ಫೋಟೊ ತೆಗೆಸಿಕೊಳ್ಳುವವರಿದ್ದರೆ, ಹತ್ತಿರದಿಂದ ಚೌಕ ಚೌಕವಾಗಿ ಒಡೆದ ಚಿತ್ರ ಕಣ್ಣಿಗೆ ಹೊಡೆಯುತ್ತದೆ. ಬಣ್ಣ, ವಿನ್ಯಾಸ, ಒಟ್ಟು ನೋಟದ ವಿಷಯ ಬಂದಾಗ ಪ್ರಶ್ನೆಗಿಂತ ಮಾದರಿ ಮೇಲು. ಹಿಂದೆ ಮಾಡಿದ ಎರಡು ಬ್ಯಾನರ್ ತೋರಿಸಿ, “ಇವೆರಡರಲ್ಲಿ ನಿಮಗೆ ಯಾವುದು ಬೇಡ, ಯಾಕೆ ಬೇಡ?” ಎಂದು ಕೇಳಿದರೆ ಜನ ಖಚಿತವಾಗಿ ಮಾತಾಡುತ್ತಾರೆ. ಇಷ್ಟವಾದದ್ದನ್ನು ವಿವರಿಸಲು ತಡಕಾಡುವವರೂ ಬೇಡವಾದದ್ದನ್ನು ಬೆರಳಿಟ್ಟು ತೋರಿಸಬಲ್ಲರು.

‘ಜಾಸ್ತಿ ಖರ್ಚಾಗಬಾರದು’ ಅನ್ನುವಲ್ಲಿ ಕೇಳಬೇಕಾದದ್ದು ಎರಡೇ. ಇಷ್ಟು ದಾಟಿದರೆ ಮಾಡಿಸುವುದೇ ಬೇಡ ಅನ್ನುವ ಮೊತ್ತ ಎಷ್ಟು? ಮತ್ತು ಇದನ್ನು ಎಷ್ಟು ಸಲ ಬಳಸುತ್ತೀರಿ? ಎರಡನೆಯದನ್ನು ಬಹಳ ಜನ ಮರೆಯುತ್ತಾರೆ. ದಿನಾಂಕ ಹಾಕದೆ, ಸಂಸ್ಥೆಯ ಹೆಸರಷ್ಟೇ ಇರುವ ಗಟ್ಟಿ ಬಟ್ಟೆಯ ಬ್ಯಾನರ್ ಇವತ್ತಿಗೆ ದುಬಾರಿ, ಐದು ಸಭೆಗೆ ಬಳಸಿದರೆ ಅಗ್ಗ. ಇಬ್ಬರೂ ಪ್ರಾಮಾಣಿಕವಾಗಿ ‘ಅಗ್ಗ’ವನ್ನೇ ಹುಡುಕುತ್ತಾ ವಿರುದ್ಧ ದಿಕ್ಕಿಗೆ ಹೋಗಬಹುದು.

ಇಷ್ಟಾದ ಮೇಲೆ ಆ ಕೋರಿಕೆ ಹೀಗೆ ನಿಲ್ಲುತ್ತದೆ: “ಮೂರು ಮೀಟರ್ ಅಗಲದ ಬ್ಯಾನರ್. ಸಂಸ್ಥೆಯ ಹೆಸರು 24 ಮೀಟರ್ ದೂರಕ್ಕೆ ಕಾಣಬೇಕು, ಉಳಿದದ್ದು ಮುಂದಿನ ಸಾಲುಗಳಿಗೆ ಕಂಡರೆ ಸಾಕು. ಬುಧವಾರ ಸಂಜೆ ಹೆಸರುಗಳನ್ನು ಕಳಿಸುತ್ತೇವೆ, ಶುಕ್ರವಾರ ಮಧ್ಯಾಹ್ನದೊಳಗೆ ಬೇಕು. ಇದರ ಮುಂದೆ ನಿಂತು ಫೋಟೊ ತೆಗೆಸಿಕೊಳ್ಳುತ್ತೇವೆ. ಒಂದೇ ಸಲದ ಬಳಕೆ.” ಇದು ಮೊದಲಿನದಕ್ಕಿಂತ ಬಹಳ ಉದ್ದವೇನಲ್ಲ. ಗಮನಿಸಿ, ಇದರಲ್ಲಿ ಚುಕ್ಕಿಯ ಲೆಕ್ಕವಾಗಲಿ ಬಟ್ಟೆಯ ಜಾತಿಯಾಗಲಿ ಇಲ್ಲ. ಅವು ಪ್ರಿಂಟಿಂಗ್‌ನವರ ವಿದ್ಯೆ, ಉದ್ದೇಶ ಗೊತ್ತಾದರೆ ಅವರೇ ಆರಿಸುತ್ತಾರೆ. ಬೇಕಾದದ್ದರ ಎಲ್ಲೆ ಹೇಳುವುದು ಕೇಳುವವರ ಪಾಲು, ಅಲ್ಲಿಗೆ ತಲುಪುವ ದಾರಿ ಹುಡುಕುವುದು ಮಾಡುವವರ ಪಾಲು.

ಇಲ್ಲಿ ಒಂದು ಎಚ್ಚರಿಕೆ ಬೇಕು. ಸಡಿಲ ಪದದಿಂದ ತೊಂದರೆ ಎಂದಾಕ್ಷಣ ಪ್ರತಿಯೊಂದಕ್ಕೂ ಅಂಕಿ ಕೇಳಲು ಹೊರಟರೆ ಹೊಸ ತೊಂದರೆ ಹುಟ್ಟುತ್ತದೆ. ಒತ್ತಾಯ ಮಾಡಿದರೆ ಜನ ಅಂಕಿ ಕೊಡುತ್ತಾರೆ, ಇಲ್ಲದಿದ್ದರೆ ಹುಟ್ಟಿಸಿ ಕೊಡುತ್ತಾರೆ. ‘ಹತ್ತು ದಿನ’ ಎಂದು ಸುಮ್ಮನೆ ಹೇಳಿದ್ದು ಕಾಗದಕ್ಕೆ ಹೋಗಿ, ನಾಲ್ಕು ಕೈ ದಾಟುವಷ್ಟರಲ್ಲಿ ಯಾರೂ ಪ್ರಶ್ನಿಸದ ಗಡುವಾಗಿಬಿಡುತ್ತದೆ. ಜೊತೆಗೆ ಈ ಪದಗಳಿಗೆ ಸ್ವಭಾವತಃ ಚೂಪಾದ ಅಂಚಿಲ್ಲ. ರಾಶಿಯಿಂದ ಒಂದೊಂದೇ ಕಾಳು ತೆಗೆಯುತ್ತಾ ಹೋದರೆ ಯಾವ ಕಾಳಿಗೆ ಅದು ರಾಶಿಯಾಗಿ ಉಳಿಯುವುದಿಲ್ಲ ಎಂದು ಪ್ರಾಚೀನ ಗ್ರೀಕರು ಕೇಳಿದ ಪ್ರಶ್ನೆಗೆ ಇವತ್ತಿಗೂ ಎಲ್ಲರೂ ಒಪ್ಪುವ ಉತ್ತರವಿಲ್ಲ. ಆದ್ದರಿಂದ ಗೆರೆ ಎಲ್ಲಿ ಎಂದು ಕೇಳುವುದಕ್ಕಿಂತ ಎರಡು ತುದಿಗಳನ್ನು ಕೇಳುವುದು ನ್ಯಾಯ. ಎಷ್ಟಾದರೆ ಖಂಡಿತ ಸಾಕು, ಎಷ್ಟಾದರೆ ಖಂಡಿತ ಸಾಲದು? ನಡುವಿನ ಜಾಗ ಮಸುಕಾಗಿಯೇ ಇರಲಿ, ಚೌಕಾಸಿಗೂ ಹೊಂದಾಣಿಕೆಗೂ ಅದು ಬೇಕು. ವರ್ಷಗಟ್ಟಲೆ ಜೊತೆಯಲ್ಲಿ ಕೆಲಸ ಮಾಡಿದವರ ನಡುವೆ ಇಷ್ಟೂ ಬೇಕಾಗುವುದಿಲ್ಲ. ಒಬ್ಬರ ‘ಬೇಗ’ ಇನ್ನೊಬ್ಬರಿಗೆ ರೂಢಿಯಾಗಿರುತ್ತದೆ. ಎಡವುವುದು ಹೊಸಬರು ಸೇರಿದಾಗ, ಅಥವಾ ಮಾತು ಮೂರನೆಯವರ ಮೂಲಕ ಹೋದಾಗ.

ಹಿರಿಯರನ್ನೋ ಮೇಲಧಿಕಾರಿಯನ್ನೋ ಹೀಗೆ ಕೆದಕಿ ಕೇಳುವುದು ಹೇಗೆ ಎಂಬ ಸಂಕೋಚ ಅನೇಕರಿಗೆ ಇರುತ್ತದೆ, ಅದು ನಿಜವಾದ ತೊಡಕು. ಅಲ್ಲಿ ಪ್ರಶ್ನೆಯ ಬದಲು ನಮ್ಮ ಊಹೆಯನ್ನೇ ಹೇಳಿಬಿಡುವುದು ಸಲೀಸು. “ಶುಕ್ರವಾರ ಮಧ್ಯಾಹ್ನ ಅಂತ ಇಟ್ಕೊಂಡಿದ್ದೀನಿ ಸರ್, ಅದಕ್ಕಿಂತ ಮುಂಚೆ ಬೇಕಾದ್ರೆ ಹೇಳಿ.” ತಪ್ಪಿದ್ದರೆ ಅವರು ತಿದ್ದುತ್ತಾರೆ, ಇಲ್ಲದಿದ್ದರೆ ಇಬ್ಬರ ನಡುವೆ ಒಂದು ದಿನ ಗೊತ್ತಾದಂತಾಯಿತು.

ಆದರೆ ಸಂಕೋಚವೂ ಸಡಿಲ ಪದವೂ ಒಟ್ಟಿಗೆ ಸೇರಿದರೆ ಏನಾಗಬಹುದು ಎಂಬುದಕ್ಕೆ ವಿಮಾನಯಾನದಲ್ಲಿ ಒಂದು ದಾರುಣ ದಾಖಲೆ ಇದೆ. 1990ರ ಜನವರಿ 25ರ ರಾತ್ರಿ ಕೊಲಂಬಿಯಾದಿಂದ ನ್ಯೂಯಾರ್ಕ್‌ಗೆ ಬರುತ್ತಿದ್ದ ಏವಿಯಾಂಕಾ 52ನೇ ವಿಮಾನವನ್ನು ಕೆಟ್ಟ ಹವಾಮಾನ, ದಟ್ಟಣೆಗಳ ಕಾರಣಕ್ಕೆ ಮೂರು ಕಡೆ ಒಟ್ಟು 77 ನಿಮಿಷ ಆಕಾಶದಲ್ಲೇ ಸುತ್ತಿಸಲಾಯಿತು. ಇನ್ನೂ ಕಾಯಬೇಕು ಎಂದು ನೆಲದ ಮೇಲಿನ ವಿಮಾನ ಸಂಚಾರ ನಿಯಂತ್ರಕರು ಹೇಳಿದಾಗ ಸಹ ಪೈಲಟ್ ತಮಗೆ ‘ಪ್ರಯಾರಿಟಿ’ ಬೇಕೆನ್ನಿಸುತ್ತದೆ ಎಂದು ಕೇಳಿದರು. ಎಷ್ಟು ಹೊತ್ತು ಕಾಯಬಲ್ಲಿರಿ ಎಂಬ ಪ್ರಶ್ನೆಗೆ ಸುಮಾರು ಐದು ನಿಮಿಷ ಎಂದರು. ಬದಲಿ ನಿಲ್ದಾಣವಾದ ಬಾಸ್ಟನ್‌ಗೆ ಈಗ ಹೋಗಲಾಗದು ಎಂದೂ ಹೇಳಿದರು. ವಿಮಾನಕ್ಕೆ ಮುಂದೆ ಬರಲು ಅನುಮತಿ ಸಿಕ್ಕಿತು. ಆದರೆ ಮುಂದಿನ ನಿಯಂತ್ರಕರಿಗೆ ದಾಟಿದ್ದು ‘ಇನ್ನು ಐದು ನಿಮಿಷ ಕಾಯಬಲ್ಲರು’ ಎಂಬುದಷ್ಟೇ. ಉಳಿದ ಮಾತು ದಾಟಲಿಲ್ಲ.

ಮೊದಲ ಇಳಿಯುವ ಯತ್ನ ವಿಫಲವಾಯಿತು. ತುರ್ತುಪರಿಸ್ಥಿತಿ ಎಂದು ಹೇಳು ಎಂದರು ಕ್ಯಾಪ್ಟನ್. ಸಹ ಪೈಲಟ್ ರೇಡಿಯೊದಲ್ಲಿ ಹೊಸ ದಿಕ್ಕನ್ನು ಒಪ್ಪಿಕೊಂಡು, ಮತ್ತೆ ಯತ್ನಿಸುತ್ತೇವೆ, ಇಂಧನ ಮುಗಿಯುತ್ತಾ ಬಂದಿದೆ ಎಂದರು. ‘ಎಮರ್ಜೆನ್ಸಿ’ ಎಂಬ ಪದ ಬಾಯಿಂದ ಬರಲಿಲ್ಲ. ಹೇಳಿದೆಯಾ ಎಂದು ಕ್ಯಾಪ್ಟನ್ ಕೇಳಿದಾಗ ಹೇಳಿದ್ದೇನೆ ಎಂದೇ ಉತ್ತರ ಬಂತು, ಅವರ ಮಟ್ಟಿಗೆ ಅವರು ಹೇಳಿಯೇ ಇದ್ದರು. ನಿಯಂತ್ರಕರ ಕಿವಿಗೆ ಅದು ಬೇರೆ. ಆ ರಾತ್ರಿ ಕಾಯುತ್ತಿದ್ದ ಪ್ರತಿ ವಿಮಾನದ ಇಂಧನವೂ ಮುಗಿಯುತ್ತಾ ಬರುತ್ತಿತ್ತು. ಮತ್ತೆ ಸುಮಾರು 15 ಮೈಲಿ ದೂರ ಕರೆದೊಯ್ದು ತಿರುಗಿಸುತ್ತೇನೆ, ನಿಮಗೂ ನಿಮ್ಮ ಇಂಧನಕ್ಕೂ ಸರಿಯೇ ಎಂದು ನಿಯಂತ್ರಕರು ವಿಚಾರಿಸಿದರು ಕೂಡ. ಸರಿಯೆನ್ನಿಸುತ್ತದೆ, ಧನ್ಯವಾದ ಎಂಬ ಉತ್ತರ ಹೋಯಿತು. ಸ್ವಲ್ಪ ಹೊತ್ತಿನಲ್ಲೇ ಎಂಜಿನ್‌ಗಳು ಒಂದೊಂದಾಗಿ ನಿಂತವು. ಲಾಂಗ್ ಐಲೆಂಡ್‌ನ ಕೋವ್ ನೆಕ್‌ನಲ್ಲಿ ವಿಮಾನ ಬಿತ್ತು. ಅದರಲ್ಲಿದ್ದ 158 ಮಂದಿಯಲ್ಲಿ 73 ಮಂದಿ ಸತ್ತರು.

ನಿಯಂತ್ರಕರ ಪ್ರಶ್ನೆಯನ್ನು ಇನ್ನೊಮ್ಮೆ ಓದಿ. ಅವರು ಕೇಳದೇ ಇರಲಿಲ್ಲ. ಆದರೆ ‘ಸರಿಯೇ?’ ಎಂಬ ಪ್ರಶ್ನೆಗೆ ‘ಸರಿ’ ಎಂಬ ಸಡಿಲ ಉತ್ತರ ಸಿಗುವುದು ಸುಲಭ. ‘ಎಷ್ಟು ನಿಮಿಷದ ಇಂಧನ ಉಳಿದಿದೆ?’ ಎಂದಿದ್ದರೆ ಅಂಕಿಯೇ ಬರಬೇಕಿತ್ತು. ಅಮೆರಿಕದ ರಾಷ್ಟ್ರೀಯ ಸಾರಿಗೆ ಸುರಕ್ಷತಾ ಮಂಡಳಿಯ ತನಿಖೆ ಮುಖ್ಯ ಹೊಣೆಯನ್ನು ಸಿಬ್ಬಂದಿಯ ಇಂಧನ ನಿರ್ವಹಣೆ ಮತ್ತು ತುರ್ತನ್ನು ತಿಳಿಸದೇ ಇದ್ದದ್ದರ ಮೇಲೆ ಹೊರಿಸಿತು. ಜೊತೆಗೆ, ಇಂಧನ ಕಡಿಮೆಯಾದದ್ದನ್ನೂ ತುರ್ತಾದದ್ದನ್ನೂ ಹೇಳಲು ಪೈಲಟ್ ಮತ್ತು ನಿಯಂತ್ರಕರಿಬ್ಬರಿಗೂ ಒಂದೇ ರೀತಿ ಅರ್ಥವಾಗುವ ನಿಗದಿತ ಪದಗಳಿಲ್ಲದಿದ್ದದ್ದೂ ಒಂದು ಕಾರಣ ಎಂದು ಗುರುತಿಸಿತು.

ಈಗ ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆಯ ನಿಯಮಗಳಲ್ಲಿ ಇದಕ್ಕೆ ಎರಡು ಮೆಟ್ಟಿಲಿವೆ. ‘ಮಿನಿಮಮ್ ಫ್ಯೂಯೆಲ್’ ಎಂದರೆ, ಇಳಿಯುವ ನಿಲ್ದಾಣ ನಿಶ್ಚಯವಾಗಿದೆ, ಈಗಿರುವುದಕ್ಕಿಂತ ಹೆಚ್ಚು ತಡವಾದರೆ ಕೊನೆಯ ಮೀಸಲು ಇಂಧನಕ್ಕೆ ಕೈ ಹಾಕಬೇಕಾಗಬಹುದು ಎಂಬ ಮಾಹಿತಿ. ಆ ಮೀಸಲೂ ಬಾಯಿಮಾತಿನದಲ್ಲ, ಜೆಟ್ ವಿಮಾನಕ್ಕೆ 30 ನಿಮಿಷ ಹಾರುವಷ್ಟು ಎಂದು ನಿಗದಿಯಾಗಿದೆ. ಇಳಿಯುವಾಗ ಅದಕ್ಕಿಂತ ಕಡಿಮೆ ಉಳಿಯುತ್ತದೆ ಎಂದು ಲೆಕ್ಕ ತೋರಿಸಿದರೆ ಹೇಳಬೇಕಾದದ್ದು ‘ಮೇಡೇ ಮೇಡೇ ಮೇಡೇ ಫ್ಯೂಯೆಲ್’ ಎಂಬ ಅಪಾಯದ ಕರೆ. ಮೊದಲನೆಯದನ್ನು ಹೇಳಿದ ಮಾತ್ರಕ್ಕೆ ಸರದಿ ಮುಂದಕ್ಕೆ ಬರುವುದಿಲ್ಲ, ಎರಡನೆಯದನ್ನು ಹೇಳಿದರೆ ಬರುತ್ತದೆ. ಯಾವಾಗ ಯಾವುದು ಎಂದು ತೀರ್ಮಾನಿಸಲು ಪೈಲಟ್ ತನ್ನ ಆತಂಕವನ್ನು ಅಳೆದುಕೊಳ್ಳಬೇಕಾಗಿಲ್ಲ, ಇಳಿಯುವ ಹೊತ್ತಿಗೆ ಎಷ್ಟು ಇಂಧನ ಉಳಿಯುತ್ತದೆ ಎಂಬ ಲೆಕ್ಕ ನೋಡಿದರೆ ಸಾಕು.